ಬಾಗಿಲು ಬಡಿಯುವ ನೀರು

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಓಣಿಯ ಆಚೆ ಜೈನಾಬಕ್ಕನ ಬಾಗಿಲು ಕಾಣುತ್ತದೆ. ನಾನು ವರ್ಗವಾಗಿ ಶಿಕಾರಿಪುರಕ್ಕೆ ಬಂದು ಇಲ್ಲಿ ಮನೆ ಹಿಡಿದಾಗ ಮೊದಲು ಮಾತಾಡಿಸಿದವರು ಅವರೇ. "ಸೊರಬದೋರೇನ್ರಿ ಟೀಚರಮ್ಮ? ಹಂಗಾದ್ರ ನಿಮ್ಮ ತವರುಮನಿ ಗಾದಿನೂ ನಮ್ಮನಿಯೋರೇ ತುಂಬಿರ್ತಾರ, ಹೋದಾಗ ಒತ್ತಿ ನೋಡ್ರಿ" ಎಂದಿದ್ದರು. ನಾನು ಹೋದಾಗ ಒತ್ತಿ ನೋಡಿದೆ. ಅಮ್ಮನನ್ನು ಕೇಳಿದರೆ, "ಹೌದು, ಶಿಕಾರಿಪುರದ ಬಡೇಸಾಬರು ತುಂಬಿದ್ದು, ಬಿಲ್ಲು ಹೊತ್ಕೊಂಡು ಬರ್ತಿದ್ರಲ್ಲ" ಎಂದಳು.

ಜೈನಾಬಕ್ಕನ ಗಂಡ ಬಡೇಸಾಬರು ಹತ್ತಿ ಹಿಂಜುವವರು. ಆಳೆತ್ತರದ ಬಿಲ್ಲನ್ನು ಹೆಗಲಿಗೇರಿಸಿ ಬಳ್ಳಿಗಾವಿ, ಅಂಬ್ಲಿಗೊಳ, ಸೊರಬದ ದಾರಿಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದರಂತೆ. ಗಂಟುಗಟ್ಟಿದ ಹಾಸಿಗೆ ಬಿಚ್ಚಿ, ಹತ್ತಿಯನ್ನು ಬಿಲ್ಲಿನ ತಂತಿಯಿಂದ ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಕೊಡುವುದು ಅವರ ಕೆಲಸ. ಮೇಲುಹೊದಿಕೆ ಹೊಲಿಯುವುದು ಮನೆಯಲ್ಲಿ ಜೈನಾಬಕ್ಕನದು. ಅಂಗಡಿಗಳಿಗೆ ಫೋಮಿನ ಹಾಸಿಗೆ ಬಂದ ಮೇಲೂ ಇಬ್ಬರೂ ಬಿಡಲಿಲ್ಲ. ಆ ಫೋಮಿನ ಮೇಲೆ ಮಲಗಿದರೆ ಯಾರದೋ ಹೊಟ್ಟೆಯ ಮೇಲೆ ಮಲಗಿದ ಹಾಗಾಗುತ್ತದೆ ಎಂದು ಜೈನಾಬಕ್ಕ ಈಗಲೂ ಮೂಗು ಮುರಿಯುತ್ತಾರೆ.

ಗಂಡ ಮನೆಗೆ ಬಂದಾಗ ಎರಡೂ ಕೈಯಲ್ಲಿ ಸಾಮಾನು ಇರುತ್ತಿತ್ತು. ಹಾಗಾಗಿ ಬಿಲ್ಲಿನ ತುದಿಯಿಂದಲೇ ಬಾಗಿಲ ಚೌಕಟ್ಟಿಗೆ ಬಡಿಯುತ್ತಿದ್ದರು. ಟಕ್, ಟಕ್, ಟಕ್. ಹೆಂಡತಿ ಹೊಲಿಗೆ ಬಿಟ್ಟು ಎದ್ದು ಬಂದು ಬಾಗಿಲು ತೆಗೆಯುತ್ತಿದ್ದರು. ಕೊರೊನಾದ ಎರಡನೇ ವರ್ಷ ಬಡೇಸಾಬರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಹೋದವರು ಮತ್ತೆ ಈ ಬಾಗಿಲಿಗೆ ಬರಲಿಲ್ಲ. ಅಲ್ಲಿಂದ ಅಲ್ಲಿಗೇ ಮಣ್ಣು ಮಾಡಿದರು. ಮುಖ ನೋಡುವುದೂ ಆಗಲಿಲ್ಲ.

ಆಮೇಲೆ ಓಣಿಗೆ ಹೊಸ ನೀರಿನ ಲೈನು ಬಂತು. ಮಗ ಶಾನವಾಜ್ ತಾರಸಿಯ ಮೇಲೆ ಟ್ಯಾಂಕ್ ಇಡಿಸಿ, ಪೈಪನ್ನು ಬಾಗಿಲ ಚೌಕಟ್ಟಿನ ಪಕ್ಕದಲ್ಲೇ ಮೇಲಕ್ಕೆ ಹತ್ತಿಸಿದ. ಆವಾಗಿನಿಂದ ನಾನೊಂದು ವಿಚಿತ್ರ ನೋಡುತ್ತಿದ್ದೆ. ನೀರು ಬಿಟ್ಟ ದಿನ ಬೆಳಿಗ್ಗೆ ಎದುರುಮನೆಯ ಬಾಗಿಲು ತೆರೆದುಕೊಳ್ಳುತ್ತದೆ. ಹೊಸಿಲಲ್ಲಿ ಯಾರೂ ಇರುವುದಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು ತಾನೇ ಮುಚ್ಚಿಕೊಳ್ಳುತ್ತದೆ. ಗಾಳಿ ಇರಬೇಕು ಅಂದುಕೊಂಡೆ. ಆದರೂ ಅದನ್ನು ಕಂಡಾಗ ಒಗ್ಗರಣೆ ಸೌಟು ಕೈಯಲ್ಲೇ ಉಳಿಯುತ್ತಿತ್ತು.

ಈ ವಿಷಯಕ್ಕೂ ನಮ್ಮ ಶಾಲೆಗೂ ಗಂಟು ಬಿದ್ದದ್ದು ವಿಜ್ಞಾನ ಸಂಘದಿಂದ. ನಾನು ಕನ್ನಡ ಟೀಚರು. ಆದರೂ ಶನಿವಾರ ಗಲಾಟೆ ಮಾಡುವ ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ಮಹಾಂತೇಶ ಮೇಷ್ಟ್ರು ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ವಿಜ್ಞಾನದ ಮೇಷ್ಟ್ರು, ಒಳ್ಳೆಯವರು, ಮಾತು ಜಾಸ್ತಿ. ಆ ದಿನ ಅವರಿಗೆ ರೇಗಿತ್ತು.

"ಈ ಸಲ ಯಾರಾದ್ರೂ ಸೋಡಾ ಪುಡಿ ಹಾಕಿ ಜ್ವಾಲಾಮುಖಿ ತಂದ್ರೆ ಅದನ್ನ ಅವರ ತಲೆ ಮೇಲೇ ಇಡ್ತೀನಿ. ಪ್ರಾಜೆಕ್ಟ್ ಅಂಗಡೀಲಿ ಸಿಗಲ್ಲ, ಮನೇಲಿ ಸಿಗ್ತದೆ. ಮನೇಲಿ ಎಲ್ಲೆಲ್ಲಿ ದಾರ ಕಟ್ಟಿದಾರೆ, ಬಟ್ಟೆ ಸುತ್ತಿದಾರೆ, ಕಲ್ಲು ಒತ್ತಿಟ್ಟಿದಾರೆ ಅಂತ ನೋಡ್ರಿ. ಅಲ್ಲೊಂದು ತೊಂದರೆ ಇರ್ತದೆ, ನಿಮಗೆ ರೂಢಿಯಾಗಿ ಕಾಣ್ತಿಲ್ಲ ಅಷ್ಟೆ. ಕೆಲಸ ಮಾಡೋರು ಎಲ್ಲಿ ನಿಲ್ಲಿಸ್ತಾರೆ, ಎಲ್ಲಿ ಬೈಕೊಳ್ತಾರೆ, ಯಾವುದನ್ನ ಎರಡೆರಡು ಸಲ ಮಾಡ್ತಾರೆ, ಅದನ್ನ ನೋಡ್ರಿ. ಪರಿಹಾರ ಆಮೇಲೆ. ಮೊದಲು ಬಾಯಿ ಮುಚ್ಕೊಂಡು ನೋಡೋದು."

"ಸರ್, ನಮ್ಮನೇಲಿ ನಮ್ಮಪ್ಪಾರೇ ತೊಂದರೆ" ಎಂದ ವಿಕ್ರಮ್. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನಿಮ್ಮಪ್ಪಂಗೂ ಅದೇ ಅನುಮಾನ ಐತಿ ಕಣೋ, ನಿನ್ನ ಬಗ್ಗೆ" ಎಂದು ಮೇಷ್ಟ್ರು ಮುಂದುವರಿಸಿದರು. ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ ಎಂದು ಹೋಲಿಸಬೇಕು. ಕಾರಣ ಊಹಿಸಿದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. "ಕೊನೇದಾಗಿ, ಯಾರಿಗೆ ತೊಂದರೆ ಅಂತ ನೀವು ತಿಳ್ಕೊಂಡಿದೀರೋ, ಅವರನ್ನೇ ಒಂದು ಮಾತು..." ಎನ್ನುವಾಗ ಗಂಟೆ ಹೊಡೆಯಿತು. ಶನಿವಾರದ ಗಂಟೆ ಹೊಡೆದ ಮೇಲೆ ಮಕ್ಕಳ ಕಿವಿಗೆ ಏನೂ ಬೀಳುವುದಿಲ್ಲ. ಮೇಷ್ಟ್ರು ಗಾಳಿಗೆ ಹೇಳಿ ಮುಗಿಸಿದರು.

ಮುಂದಿನ ಸಭೆಯಲ್ಲಿ ಎದ್ದು ನಿಂತವಳು ಸಬಿಹಾ, ಜೈನಾಬಕ್ಕನ ಮೊಮ್ಮಗಳು, ಒಂಬತ್ತನೇ ತರಗತಿ.

"ಸರ್, ನೀರು ಬಂದ ದಿನ ನಮ್ಮನಿ ಬಾಗಿಲು ಯಾರೋ ಬಡ್ದಂಗೆ ಆಗ್ತದೆ. ನಮ್ಮಜ್ಜಿಗೆ ಮೊಳಕಾಲು ನೋವು. ಆದ್ರೂ ಹೊಲಿಗೆ ಬಿಟ್ಟು ಎದ್ದು ಹೋಗಿ ಬಾಗಿಲು ತೆಗೀತಾರೆ. ಯಾರೂ ಇರಲ್ಲ. ಮತ್ತೆ ಬಂದು ಕೂರ್ತಾರೆ, ಮತ್ತೆ ಬಡೀತದೆ, ಮತ್ತೆ ಹೋಗ್ತಾರೆ."

ಅಂದರೆ ಆ ಬಾಗಿಲು ತೆರೆಯುತ್ತಿದ್ದದ್ದು ಗಾಳಿಯಲ್ಲ, ಜೈನಾಬಕ್ಕ!

"ನೀರು ಬರದ ದಿನ?" ಮೇಷ್ಟ್ರು ಕೇಳಿದರು.

"ಬಡಿಯಲ್ಲ ಸರ್. ನೀರು ಬಂದ ದಿನಾನೂ ಮೊದಲು ಬಡಿಯಲ್ಲ. ಟ್ಯಾಂಕ್ ತುಂಬ್ತಾ ಬಂದಾಗ ಮಾತ್ರ."

ಮೇಷ್ಟ್ರ ಮುಖ ಅರಳಿತು. ಹುಡುಗಿ ಚುರುಕು, ತಾರಸಿ ಹತ್ತಿ ಕೂತು ಕಾರಣವನ್ನೂ ಹಿಡಿದಳು. ಟ್ಯಾಂಕಿನಲ್ಲಿ ತೇಲುವ ಚೆಂಡಿನ ವಾಲ್ವ್ ಇತ್ತು. ನೀರು ಏರಿದಂತೆ ಚೆಂಡು ಏರಿ ವಾಲ್ವ್ ಮುಚ್ಚಬೇಕು. ಆದರೆ ತುಂಬುವ ಹೊತ್ತಿಗೆ ಮೇಲಿಂದ ಬೀಳುವ ನೀರಿನ ಅಲೆಗೆ ಚೆಂಡು ಕುಣಿಯುತ್ತಿತ್ತು. ವಾಲ್ವ್ ಮುಚ್ಚಿ, ತೆರೆದು, ಮುಚ್ಚುತ್ತಿತ್ತು. ಓಡುವ ನೀರು ಥಟ್ಟನೆ ನಿಂತಾಗ ಪೈಪ್ ಅದುರಿ, ಸಡಿಲವಾದ ಕ್ಲಾಂಪಿನಲ್ಲಿ ಜಿಗಿದು ಬಾಗಿಲ ಚೌಕಟ್ಟಿಗೆ ಬಡಿಯುತ್ತಿತ್ತು. ಸಬಿಹಾ ಮೊದಲು ಪೈಪ್ ಮತ್ತು ಚೌಕಟ್ಟಿನ ನಡುವೆ ಸೈಕಲ್ ಟ್ಯೂಬಿನ ತುಂಡು ಇಟ್ಟಳು. ಸದ್ದು ಮಂದವಾಯಿತು, ನಿಲ್ಲಲಿಲ್ಲ. ಅದನ್ನು ತೆಗೆದು, ಚೆಂಡಿನ ಸರಳಿಗೆ ದಾರ ಕಟ್ಟಿ ಒಂದು ತೂತಿನ ಪ್ಲಾಸ್ಟಿಕ್ ಲೋಟವನ್ನು ನೀರೊಳಗೆ ಇಳಿಬಿಟ್ಟಳು. ಲೋಟ ನೀರಿನಲ್ಲಿ ತಡೆದು ಹಿಡಿದದ್ದರಿಂದ ಚೆಂಡಿನ ಕುಣಿತ ನಿಂತಿತು. ಚೆಂಡು ನಿಧಾನವಾಗಿ ಏರಿ ವಾಲ್ವ್ ಮೆತ್ತಗೆ ಮುಚ್ಚಿತು. ಮನೆ ಮೌನವಾಯಿತು.

ತಾಲ್ಲೂಕಿನ ಪ್ರದರ್ಶನದಲ್ಲಿ ಅವಳಿಗೆ ಮೊದಲ ಬಹುಮಾನ. ಮೇಷ್ಟ್ರು ತಾವೇ ಹೆತ್ತಂತೆ ಓಡಾಡಿದರು.

ನನಗೆ ಮಾತ್ರ ಕಿಟಕಿಯಲ್ಲಿ ನಿಂತರೆ ಏನೋ ಕಸಿವಿಸಿ. ನೀರು ಬರುತ್ತಿತ್ತು, ಎದುರಿನ ಬಾಗಿಲು ತೆರೆಯುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಹೊಲಿಗೆ ಯಂತ್ರದ ಸದ್ದೂ ನಿಂತಿತು. ಶಾನವಾಜ್ ಒಮ್ಮೆ ಓಣಿಯಲ್ಲಿ ಸಿಕ್ಕಿ, "ಅವ್ವ ಸರಿಯಾಗಿ ಉಣ್ತಿಲ್ಲ ಟೀಚರ್, ನೀವಾದ್ರೂ ಒಂದು ಮಾತು ಕೇಳ್ರಿ" ಎಂದ.

ಹೋದೆ. ಜೈನಾಬಕ್ಕ ಬಾಗಿಲ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಚೌಕಟ್ಟಿಗೆ ಕಿವಿ ತಾಗುವಂತೆ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ.

"ಮೊಳಕಾಲು ಹೆಂಗೈತ್ರಿ ಅಕ್ಕ?"

"ಆರಾಮ ಐತಿ ತಾಯಿ. ಏಳೋದೇ ಇಲ್ಲಲ್ಲ ಈಗ, ನೋವೆಲ್ಲಿಂದ ಬರಬೇಕು?"

"ಅದು ಪೈಪಿನ ಸದ್ದಲ್ವಾ ಅಕ್ಕ..." ಎಂದೆ. ಬಾಯಿಗೆ ಬರಬಾರದಿತ್ತು.

"ನಂಗೊತ್ತಿಲ್ಲೇನ್ರಿ? ಪೈಪ್ ಹಾಕಿದೋರಿಗೆ ಚಾ ಕಾಸಿ ಕೊಟ್ಟೋಳು ನಾನು. ಮೊದಲ್ನೇ ದಿನ ಬಡಿದಾಗ್ಲೇ ಪೈಪು ಅಂತ ಗೊತ್ತಾತು. ಗೊತ್ತಿದ್ರೂ ಕಾಲು ಎದ್ವು. ಕಾಲಿಗೇನ್ ಗೊತ್ತು ಪೈಪು?"

ಸಬಿಹಾ ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಮಾರನೇ ದಿನ ಶಾಲೆಯಿಂದ ಬಂದವಳು ಒಳಗೆ ಹೋಗದೆ, ಹೊರಗೆ ನಿಂತು ಬೆರಳ ಗೆಣ್ಣಿನಿಂದ ಚೌಕಟ್ಟಿಗೆ ಬಡಿದಳು. ಟಕ್, ಟಕ್, ಟಕ್. ನಾನು ಅವಳ ಹಿಂದೆಯೇ ಚೀಲ ಹಿಡಿದು ಬರುತ್ತಿದ್ದೆ. ಒಳಗೆ ದಡಬಡ ಸದ್ದಾಯಿತು, ಬಾಗಿಲು ತೆರೆಯಿತು. ಮೊಮ್ಮಗಳನ್ನು ಕಂಡದ್ದೇ ಜೈನಾಬಕ್ಕನ ಮುಖ ಆರಿಹೋಯಿತು.

"ಬ್ಯಾಡವ್ವ, ಹಿಂಗೆ ಮಾಡಬ್ಯಾಡ" ಎಂದು ಅವಳ ಕೆನ್ನೆ ಹಿಡಿದರು. "ಆವಾಗ ಬಾಗ್ಲು ತೆಗೆದ್ರೆ ಯಾರೂ ಇರ್ತಿರ್ಲಿಲ್ಲ. ಯಾರೂ ಇರದಿದ್ರೆ ನಿಮ್ಮಜ್ಜ ಇದ್ದಂಗೆ. ಈಗ ತೆಗೆದ್ರೆ ನೀನು ಇರ್ತೀ."

ಹುಡುಗಿ ಚೀಲ ಅಲ್ಲೇ ಬಿಸಾಕಿ ತಾರಸಿ ಹತ್ತಿದಳು. ಇಳಿದು ಬಂದಾಗ ಅವಳ ಕೈಯಲ್ಲಿ ದಾರ ಸಮೇತ ಆ ಲೋಟವಿತ್ತು.

ಜಿಲ್ಲಾ ಪ್ರದರ್ಶನಕ್ಕೆ ಹೋದಾಗ, ನಿನ್ನ ಉಪಾಯ ಮನೆಯಲ್ಲಿ ಈಗಲೂ ಕೆಲಸ ಮಾಡುತ್ತಿದೆಯೇ ಎಂದು ತೀರ್ಪುಗಾರರು ಕೇಳಿದರಂತೆ. "ಇಲ್ಲ ಸರ್, ತೆಗೆದುಬಿಟ್ಟೆ. ತೊಂದರೆ ಯಾರದು ಅಂತ ಮೊದಲು ಕೇಳಬೇಕಿತ್ತು, ಕೇಳಿರ್ಲಿಲ್ಲ" ಎಂದಳಂತೆ. ಬಹುಮಾನ ಬರಲಿಲ್ಲ. ಈಗ ಮಹಾಂತೇಶ ಮೇಷ್ಟ್ರ ಭಾಷಣ, ಅಂದು ಗಂಟೆಯ ಸದ್ದಿನಲ್ಲಿ ಮುಳುಗಿದ ಆ ಕೊನೆಯ ಮಾತಿನಿಂದಲೇ ಶುರುವಾಗುತ್ತದೆ.

ಮೊನ್ನೆ ಭಾನುವಾರ ಬೆಳಿಗ್ಗೆ ದಿಂಬಿನ ಬಟ್ಟೆ ಕೊಡಲು ಜೈನಾಬಕ್ಕನ ಮನೆಗೆ ಹೋಗಿದ್ದೆ. ಹೊಲಿಗೆ ಯಂತ್ರ ನಡೆಯುತ್ತಿತ್ತು. ಸಬಿಹಾ ಪಕ್ಕದಲ್ಲಿ ಓದುತ್ತಾ ಕೂತಿದ್ದಳು. ನೀರು ಬಂದಿತ್ತು. ನನಗೆ ಯಾಕೋ ಎದ್ದು ಹೋಗಿಬಿಡೋಣ ಅನ್ನಿಸಿತು, ಆದರೆ ಅಷ್ಟರಲ್ಲೇ ಶುರುವಾಯಿತು.

ಟಕ್, ಟಕ್, ಟಕ್.

ಅದು ಪೈಪು. ನನಗೆ ಗೊತ್ತು, ಸಬಿಹಾಗೆ ನನಗಿಂತ ಚೆನ್ನಾಗಿ ಗೊತ್ತು. ಜೈನಾಬಕ್ಕ ಯಂತ್ರ ನಿಲ್ಲಿಸಿ, ಮೊಳಕಾಲಿಗೆ ಕೈಕೊಟ್ಟು ಎದ್ದರು, ಸೆರಗು ತಲೆಗೆ ಎಳೆದುಕೊಂಡರು, ಹೋಗಿ ಅಗುಳಿ ತೆಗೆದರು. ಓಣಿಯ ಬೆಳಕು ಒಳಗೆ ಬಿತ್ತು. ಹೊಸಿಲಾಚೆ ಯಾರೂ ಇರಲಿಲ್ಲ.

ಅವರು ಓಣಿಯ ಕಡೆ ನೋಡಲೇ ಇಲ್ಲ. ಬಾಗಿಲನ್ನು ಪೂರ್ತಿ ತೆರೆದು, ಗೋಡೆಗೆ ಬೆನ್ನು ಹಚ್ಚಿ ಪಕ್ಕಕ್ಕೆ ಸರಿದು ನಿಂತರು. ಹೊರಗಿನಿಂದ ನನಗೆ ಇಷ್ಟು ದಿನ ಅವರು ಕಾಣದೆ ಇದ್ದದ್ದು ಅದಕ್ಕೇ. ಹೆಗಲ ಮೇಲೆ ಆಳೆತ್ತರದ ಬಿಲ್ಲು ಹೊತ್ತ ಮನುಷ್ಯ ಎಲ್ಲೂ ತಾಗಿಸಿಕೊಳ್ಳದೆ ಒಳಗೆ ಬರುವಷ್ಟು ಜಾಗ ಬಿಟ್ಟು, ಅವನು ಬರುವಷ್ಟು ಹೊತ್ತು ನಿಂತಿದ್ದು, ಆಮೇಲೆ ಬಾಗಿಲು ಮುಂದಕ್ಕೆ ಹಾಕಿದರು.

"ಇದನ್ನ ನಾನು ನೋಡೇ ಇರ್ಲಿಲ್ಲ ಟೀಚರ್" ಎಂದು ಸಬಿಹಾ ಪಿಸುಗುಟ್ಟಿದಳು. "ನಾನು ಪೈಪ್ ನೋಡ್ತಾ ಕೂತಿದ್ದೆ."

ಅವಳು ತನ್ನ ಚಾಪೆಯನ್ನು ದಾರಿಯಿಂದ ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ನಾನೂ ಕಾಲು ಮಡಚಿಕೊಂಡು ಕೂತೆ.