ಪರದೆಯ ಮೇಲಿನ ತೃಷಾ

ಕಲ್ಯಾಣದ ಕಾಲೇಜೊಂದರ ಆಪ್ತಸಮಾಲೋಚಕಿ ಅನಸೂಯ, ನಾಲ್ಕು ಜನರೆದುರು ಬಾಯಿ ಕಟ್ಟುವ ವಿದ್ಯಾರ್ಥಿಗಳಿಗೆ ಹನ್ನೆರಡು ಗುಂಪು ಭೇಟಿಗಳನ್ನು ಯೋಜಿಸಿದ್ದರು. ಎರಡನೆಯದರಲ್ಲಿ ಭಯವೇ ಭಯವನ್ನು ಬೆಳೆಸುವ ಸುತ್ತನ್ನು ತಿಳಿಯುವುದು, ಮೂರನೆಯದರಲ್ಲಿ ಕಣ್ಣು ತಪ್ಪಿಸುವಂಥ ಅಡಗುವ ಉಪಾಯಗಳನ್ನು ಬಿಡುವುದು, ನಾಲ್ಕನೆಯದರಲ್ಲಿ ತಾವು ಮಾತಾಡಿದ ವಿಡಿಯೋವನ್ನು ತಾವೇ ನೋಡುವುದು. ಐದರಿಂದ ಹನ್ನೊಂದರವರೆಗೆ ಹೊರಗೆ ಜನರ ನಡುವೆ ಹೋಗಿ ಭಯವನ್ನು ಪರೀಕ್ಷಿಸುವುದು, ಕೊನೆಗೆ ಭಯ ಮರಳಿದರೆ ಏನು ಮಾಡಬೇಕೆಂಬುದು.

ನಾಲ್ಕನೆಯ ದಿನ, "ಕೈ ನಡುಗುವುದು ಎಲ್ಲರಿಗೂ ಕಾಣುತ್ತೆ" ಎಂದು ಗುಂಪಿನ ತೃಷಾ ತನ್ನ ವಿಡಿಯೋ ನೋಡುವ ಮೊದಲೇ ಬರೆದುಕೊಟ್ಟಳು. ವಿಡಿಯೋದ ಹುಡುಗಿ ಕೈ ಅಲುಗದೆ ಮಾತಾಡುತ್ತಿದ್ದಳು.

"ಮೇಡಂ, ಯೇ ಮೈಂ ನಹೀಂ, ಇದು ನಾನಲ್ಲ. ಇಷ್ಟು ವರ್ಷ ನಾನು ನೋಡಿದ್ದು ಯಾರನ್ನ?"

"ನೋಡೇ ಇಲ್ಲ ಕಣಮ್ಮ. ಒಳಗಿನ ನಡುಕವನ್ನೇ ನಿನ್ನ ಮುಖ ಅಂದ್ಕೊಂಡೆ."

ತೃಷಾ ಚೀಲ ಎತ್ತಿಕೊಂಡು ಬಾಗಿಲತ್ತ ನಡೆದಳು. ಈಗ ಹೋದರೆ ಇವಳು ಮತ್ತೆ ಬರುವುದಿಲ್ಲವೆಂದು ಅನಸೂಯರಿಗೆ ಗೊತ್ತಾಯಿತು. ಐದನೆಯ ಭೇಟಿಗೆಂದು ಬರೆದಿದ್ದ, ರೈಲು ಸ್ಟೇಷನ್ನಿನಲ್ಲಿ ಅಪರಿಚಿತರೊಡನೆ ಮಾತಾಡುವ ಪರೀಕ್ಷೆಯನ್ನು ಅಲ್ಲೇ ಹೊಡೆದುಹಾಕಿ, "ಮುಂದಿನ ವಾರ ಮತ್ತೆ ಅದೇ ವಿಡಿಯೋ. ಯಾರೋ ಅಪರಿಚಿತಳನ್ನು ನೋಡಿದ ಹಾಗೆ ನೋಡೋಣ" ಎಂದರು.

ಬಾಗಿಲಲ್ಲಿ ನಿಂತಿದ್ದ ತೃಷಾಳಿಗೆ, ಆ ಹುಡುಗಿ ಮತ್ತೆ ಸಿಗುವುದಿಲ್ಲವೇನೋ ಎನಿಸಿ, ಪರದೆಗೆ ಬೆನ್ನು ತಿರುಗಿಸಲು ಧೈರ್ಯವಾಗಲಿಲ್ಲ. "ಮುಂದಿನ ವಾರ ಬೇಡ, ಈಗಲೇ ಹಾಕಿ" ಎಂದಳು.