ಪಿಳ್ಳಪ್ಪನವರ ಜಂಟಿ ಪಿಂಚಣಿ

ಯಡಿಯೂರಿನ ಪಿಳ್ಳಪ್ಪನವರು ಎಂಜಲು ಕೈಯಲ್ಲಿ ಕಾಗೆ ಓಡಿಸಿದವರಲ್ಲ. ಕಾಗೆಗೆ ಒಂದು ಅಗುಳು ಸಿಕ್ಕಿಬಿಟ್ಟರೆ ನಷ್ಟ ಯಾರಿಗೆ?

ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು, ೧೯೮೨ರಲ್ಲಿ ನಿವೃತ್ತರಾದರು. ಅವರ ಹೆಸರಲ್ಲಿ ಕಂಪನಿ ವರ್ಷಗಟ್ಟಲೆ ಕೂಡಿಟ್ಟ ಹಣಕ್ಕೆ ವಿಮಾ ಕಚೇರಿಯಿಂದ ಪಿಂಚಣಿ ಕೊಂಡುಕೊಡುವ ಏರ್ಪಾಡಿತ್ತು. ಅದರಲ್ಲಿ ಹಲವು ಬಗೆ ಇದ್ದರೂ ಪಿಳ್ಳಪ್ಪನವರ ಕಣ್ಣಿಗೆ ಬಿದ್ದದ್ದು ಎರಡೇ. ಒಂಟಿ ಪಿಂಚಣಿಯಾದರೆ ತಿಂಗಳಿಗೆ ಮುನ್ನೂರ ತೊಂಬತ್ತೈದು ರೂಪಾಯಿ, ಆದರೆ ಅವರು ಹೋದ ದಿನವೇ ಅದೂ ನಿಲ್ಲುತ್ತದೆ. ಜಂಟಿಯಾದರೆ ಮುನ್ನೂರ ನಲವತ್ತು, ಅವರ ನಂತರ ಹೆಂಡತಿ ತಿಮ್ಮಕ್ಕನಿಗೆ ಅವಳು ಬದುಕಿರುವ ತನಕ ಅಷ್ಟೇ ಹಣ. ತಿಮ್ಮಕ್ಕ ಗಂಡನಿಗಿಂತ ಒಂಬತ್ತು ವರ್ಷ ಚಿಕ್ಕವಳು, ಗಟ್ಟಿಮುಟ್ಟಾದ ಹೆಂಗಸು. ಒಂದೇ ಕಾಸಿಗೆ ಎರಡು ಜೀವ ಸಾಗುತ್ತದೆಂದು ಲೆಕ್ಕ ಹಾಕಿ ಪಿಳ್ಳಪ್ಪನವರು ಜಂಟಿಗೆ ಸಹಿ ಹಾಕಿದರು. ಇದನ್ನು ಪ್ರೀತಿ ಎಂದುಕೊಂಡು ತಿಮ್ಮಕ್ಕ ಅಂದು ಪಾಯಸ ಮಾಡಿದಳು. ಸಕ್ಕರೆ ಎಷ್ಟು ಹಾಕಿದೆ ಎಂದು ಅವರು ಕೇಳಿದರು.

ಎರಡು ವರ್ಷದೊಳಗೆ ತಿಮ್ಮಕ್ಕ ಕಾಮಾಲೆಯಿಂದ ತೀರಿಕೊಂಡಳು. ಪಿಳ್ಳಪ್ಪನವರು ಅತ್ತರು, ನಿಜವಾಗಿಯೇ ಅತ್ತರು. ಮುಂದಿನ ತಿಂಗಳು ಪಿಂಚಣಿ ಅದೇ ಮುನ್ನೂರ ನಲವತ್ತು ಬಂದಾಗ ಮಾತ್ರ ಕಣ್ಣೀರು ತಟ್ಟನೆ ಆರಿತು. ಹೆಂಡತಿಯೇ ಇಲ್ಲದ ಮೇಲೆ ಆ ಐವತ್ತೈದು ರೂಪಾಯಿ ಯಾರಿಗಾಗಿ ಕಡಿತ? ಕೇಳಿ ವಿಮಾ ಕಚೇರಿಗೆ ಕಾಗದ ಬರೆದರು. ಪಿಂಚಣಿ ಕೊಂಡಾಗಲೇ ಇಬ್ಬರ ವಯಸ್ಸಿನ ಮೇಲೆ ದರ ಕಟ್ಟಿಯಾಗಿದೆ, ಒಬ್ಬರು ಮೊದಲು ಹೋದರೆಂದು ಅದು ಏರುವುದಿಲ್ಲ ಎಂದು ಉತ್ತರ ಬಂತು.

ಆಮೇಲೆ ಅವರಿಗೆ ಊಟ ರುಚಿಸಲಿಲ್ಲ. ಕೆರೆ ಏರಿಯ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಇದೇ ಪುರಾಣ. ಹೆಂಡತಿಯ ನೆನಪು ಎಲ್ಲಿ ಮುಗಿದು ಐವತ್ತೈದರ ನೆನಪು ಎಲ್ಲಿ ಶುರುವಾಗುತ್ತಿತ್ತೋ, ಅವರಿಗೇ ತಿಳಿಯುತ್ತಿರಲಿಲ್ಲ. ಕೊನೆಗೊಂದು ದಿನ ಮಹಾ ಯೋಚನೆ ಹೊಳೆಯಿತು. ದುಡ್ಡು ಕೊಟ್ಟ ಸೀಟು ಖಾಲಿ ಬಿದ್ದಿದೆ. ಇನ್ನೊಬ್ಬಳನ್ನು ತಂದು ಕೂರಿಸಿದರಾಯಿತು. ಲೋಕದಲ್ಲಿ ಗಂಡಸರು ಎರಡನೇ ಮದುವೆಗೆ ಏನೇನೋ ಕಾರಣ ಹೇಳಿದ್ದಾರೆ. ಕಡಿತ ಹಾಳಾಗಬಾರದೆಂದು ಮದುವೆಗೆ ಹೊರಟವರು ಇವರೊಬ್ಬರೇ ಇರಬೇಕು.

ಕೋಣನಕುಂಟೆಯ ನೆಂಟರ ಕಡೆಯ ಮಂಗಮ್ಮನಿಗೆ ನಲವತ್ತಾರು. ಗಂಡ ಸತ್ತು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬೊಮ್ಮನಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಕಣ್ಣು ಮಂಜಾಗುತ್ತಿತ್ತು, ಇನ್ನು ನಾಲ್ಕು ವರ್ಷ ಎಳೆದರೆ ಹೆಚ್ಚು. ತನ್ನ ನಂತರ ಪಿಂಚಣಿ ಅವಳಿಗೇ ಎಂದು ಪಿಳ್ಳಪ್ಪನವರು ಹೇಳಿಸಿದಾಗ ಅವಳು ಬೇಡವೆನ್ನಲಿಲ್ಲ. ಮೊದಲು ಹೆಸರು ಸೇರಲಿ, ತಾಳಿ ಆಮೇಲೆ ಎಂದಳು. ಪಿಳ್ಳಪ್ಪನವರಿಗೆ ಇದೇ ಹಿಡಿಸಿತು, ಲೆಕ್ಕ ಬಲ್ಲ ಹೆಣ್ಣು.

ಇಬ್ಬರೂ ಜಯನಗರದ ವಿಮಾ ಕಚೇರಿಗೆ ಹೋದರು. ಪಿಳ್ಳಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಅಂದಿಗೆ ಅದೊಂದೇ ಖರ್ಚು. ತಿಮ್ಮಕ್ಕನ ಹೆಸರು ತೆಗೆದು ಈಕೆಯದು ಹಾಕಿ, ಹಳೇ ದರವೇ ಇರಲಿ ಎಂದು ಧಾರಾಳವಾಗಿ ಅಪ್ಪಣೆ ಕೊಟ್ಟರು. ಮೇಜಿನ ಹಿಂದಿದ್ದ ಗುಮಾಸ್ತ ಅನಂತರಾಮು ಅವರನ್ನೂ ಅವಳನ್ನೂ ನೋಡಿ ಪೆನ್ನು ಕೆಳಗಿಟ್ಟರು.

“ಅದು ‘ಹೆಂಡತಿ’ಗೆ ಅಂತ ಕೊಟ್ಟಿದ್ದಲ್ಲ ಸಾರ್. ತಿಮ್ಮಕ್ಕ ಅನ್ನೋರಿಗೆ, ಅವರ ವಯಸ್ಸು ನೋಡಿ ಕೊಟ್ಟಿದ್ದು. ಅವರ ಜಾಗಕ್ಕೆ ಯಾರನ್ನೂ ಹಾಕೋಕಾಗಲ್ಲ. ನಿಮಗೆ ಬದುಕಿರೋ ತನಕ ಬರುತ್ತೆ, ನಿಮ್ಮ ಜೊತೆಗೇ ನಿಲ್ಲುತ್ತೆ.”

ಹಾಗಾದರೆ ಜಂಟಿಯನ್ನು ಒಂಟಿಗೆ ಬದಲಾಯಿಸಲು ಆಗುವುದಿಲ್ಲವೇ ಎಂದು ಪಿಳ್ಳಪ್ಪನವರು ಕೇಳಿದರು. ಮೊದಲ ಕಂತು ಶುರುವಾಗುವ ಮುಂಚೆ ಕೇಳಬೇಕಿತ್ತು ಎಂದರು ಅನಂತರಾಮು. ಪಿಳ್ಳಪ್ಪನವರ ಮುಖ ಹುಳ್ಳಗಾಯಿತು. ಸತ್ತ ಹೆಂಡತಿ ಸೀಟು ಬಿಟ್ಟುಕೊಡದೆ ಕೂತಿದ್ದಾಳೆ ಎಂಬ ಸಿಟ್ಟು ಬಂತು. ಅದರ ಹಿಂದೆಯೇ ಆ ಪಾಯಸದ ನೆನಪೂ ಬಂದು ಅವರು ತಲೆ ತಗ್ಗಿಸಿದರು.

ಹೊರಗೆ ಬಂದ ಮಂಗಮ್ಮ ಬಸ್ ಸ್ಟಾಪಿನತ್ತ ಬಿರಬಿರನೆ ನಡೆದಳು. ಇವಳು ಕೈಬಿಟ್ಟಳು ಎಂದೇ ಅವರು ತಿಳಿದರು. ಮನೆಯಲ್ಲಿ ಒಬ್ಬರೇ ಕೂತು ಉಣ್ಣುವುದು ಕಣ್ಣಮುಂದೆ ಬಂದು, ಮೊದಲ ಬಾರಿಗೆ ದುಡ್ಡಿಗೆ ಸಂಬಂಧವಿಲ್ಲದ ಭಯವೊಂದು ಹುಟ್ಟಿತು. ಒಬ್ಬನೇ ಇರೋಕೆ ಆಗ್ತಿಲ್ಲ ಮಂಗಮ್ಮ ಎಂದುಬಿಟ್ಟರು.

ಅವಳು ನಿಂತಳು. ದನಿಯಲ್ಲಿ ಕೋಪವಿರಲಿಲ್ಲ.

“ನೀವು ಹೋದ್ಮೇಲೆ ಬರೋದು ಹೋಯ್ತು, ಬಿಡಿ. ನೀವಿರೋವಾಗಲೇ ತಿಂಗಳಿಗೆ ನೂರು ರೂಪಾಯಿ ಪೋಸ್ಟ್ ಆಫೀಸಲ್ಲಿ ನನ್ನ ಹೆಸರಿಗೆ ಕಟ್ತೀರಾ? ಕಟ್ತೀನಿ ಅಂದ್ರೆ ಬರೋ ಶ್ರಾವಣದಲ್ಲೇ ಮದ್ವೆ.”

ಪಿಳ್ಳಪ್ಪನವರು ಬಾಯಿ ತೆರೆದರು. ಹೂಂ ಎನ್ನಲು ಮನಸ್ಸು ಸಿದ್ಧವಾಗಿಯೇ ಇತ್ತು. ಆದರೆ ಮುನ್ನೂರ ನಲವತ್ತರಲ್ಲಿ ನೂರು ಹೋದರೆ ಉಳಿಯುವುದು ಇನ್ನೂರ ನಲವತ್ತು. ಒಂಟಿ ಪಿಂಚಣಿ ಬರೆಸಿದ್ದರೆ ಇನ್ನೂರ ತೊಂಬತ್ತೈದಾದರೂ ಉಳಿಯುತ್ತಿತ್ತು. ಐವತ್ತು ಕಟ್ಟುತ್ತೇನೆ ಎಂದರೆ ಒಪ್ಪುತ್ತಾಳೋ, ಅರವತ್ತು ಎನ್ನಬೇಕೋ...

ಬೊಮ್ಮನಹಳ್ಳಿ ಬಸ್ಸು ಬಂತು. ಮಂಗಮ್ಮ ಅವರ ಮುಖವನ್ನು ಒಂದು ಗಳಿಗೆ ನೋಡಿ, ಮಧ್ಯಾಹ್ನದ ಪಾಳಿಗೆ ಹೊತ್ತಾಯಿತೆಂದು ಹತ್ತಿ ಹೋದಳು. ಬಸ್ಸು ತಿರುವು ದಾಟಿದ ಮೇಲೆ ಪಿಳ್ಳಪ್ಪನವರ ಲೆಕ್ಕ ಮುಗಿದು, ಎಪ್ಪತ್ತಕ್ಕೆ ನಿಂತಿತು.