ಅಳಿಯನ ಉಸಿರಾಟಕ್ಕೆ ನನ್ನ ಕಾರ್ಡು

ನನ್ನ ಅಕ್ಕ ಗದಗಿನಲ್ಲಿ ಇದ್ದಾಳೆ. ಅವಳ ಮನೆಯಲ್ಲಿರುವುದು ಗೋಡೆಗೆ ತಂತಿ ಹೋಗುವ ಹಳೆಯ ಫೋನು. ಅದಕ್ಕೆ ಅಮೆರಿಕದಿಂದ ಕರೆ ಮಾಡಲು ನಾನು ತಿಂಗಳಿಗಿಷ್ಟು ಅಂತ ಕೊಟ್ಟು ಒಂದು ಕಾಲಿಂಗ್ ಪ್ಲ್ಯಾನ್ ಇಟ್ಟುಕೊಂಡಿದ್ದೆ. ಒಂದು ಭಾನುವಾರ ಫೋನ್ ಹೋಗಲಿಲ್ಲ. ಖಾತೆಯಲ್ಲಿ ದುಡ್ಡು ಸಾಲದೆ ಪ್ಲ್ಯಾನ್ ನಿಂತಿತ್ತು. ಡೆಟ್ರಾಯ್ಟ್ ಕಡೆ ಇರುವ ಮಗ ನನ್ನ ಖಾತೆಗೆ ದುಡ್ಡು ಹಾಕುತ್ತಾನೆ, ನಾನು ಖರ್ಚು ಮಾಡುವವಳಲ್ಲ. ಹಾಗಾದರೆ ತಿಂದವರು ಯಾರು?

ಪ್ಲೇನ್‌ಫೀಲ್ಡ್‌ನ ಈ ಮನೆಯಲ್ಲಿ ನಾನು, ಮಗಳು, ಅಳಿಯ. ಮಗಳು ಬ್ಯಾಂಕಿನ ಸ್ಟೇಟ್‌ಮೆಂಟುಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿ, ಹೆಸರು, ಖಾತೆ ನಂಬರಿನ ಮೇಲೆ ಚಮಚ ಅಡ್ಡ ಇಟ್ಟು ಫೋಟೋ ತೆಗೆದಳು. ಫೋನಿನಲ್ಲಿರುವ ಎಐಗೆ ಕಳಿಸಿ, ತಿಂಗಳು ತಿಂಗಳು ಮರಳಿ ಬರುವುದನ್ನು ಹುಡುಕು ಎಂದಳು. ಒಂದೇ ತಿಂಗಳದ್ದು ಸಾಲದು ಎಂದಿತು. ಮೂರು ತಿಂಗಳದ್ದು ಕೊಟ್ಟ ಮೇಲೆ ಹೇಳಿತು: ಉಸಿರಾಟ ಕಲಿಸುವ ಆ್ಯಪ್ ಒಂದು, ಫುಟ್‌ಬಾಲ್ ನೋಡುವುದು ಒಂದು, ಸಂಗೀತದ್ದು ಎರಡು, ಕಾಲಿಂಗ್ ಪ್ಲ್ಯಾನ್ ಒಂದು. ಯಾವುದನ್ನು ಬಳಸುತ್ತೀರೆಂದು ಈ ಕಾಗದದಿಂದ ತಿಳಿಯುವುದಿಲ್ಲ, ನೀವೇ ಹೇಳಿ ಎಂದೂ ಕೇಳಿತು.

ಕಾಲಿಂಗ್ ಪ್ಲ್ಯಾನ್ ನನ್ನದು, ಉಳಿದದ್ದೆಲ್ಲ ಅಳಿಯನದೇ. ದೊಡ್ಡ ಆಸ್ಪತ್ರೆಯ ಡಾಕ್ಟರು! ಒಂದು ಕಾರ್ಡಿಗೆ ಒಂದೇ ಸಲ ಪುಕ್ಕಟೆ ಟ್ರಯಲ್ ಅಂತೆ. ತನ್ನದು ಮುಗಿಯಿತೆಂದು ನನ್ನ ಕಾರ್ಡು ಹಾಕಿದ್ದ; ಪುಕ್ಕಟೆ ದಿನ ಮುಗಿದ ಮೇಲೆ ದುಡ್ಡು ನನ್ನ ಖಾತೆಯಿಂದ ಹೋಗುತ್ತಿತ್ತು.

"ಅವನ್ನೆಲ್ಲಾ ನಾ ಯಾವಾಗೋ ಡಿಲೀಟ್ ಮಾಡೀನ್ರೀ ಅತ್ತಿ," ಎಂದ.

ಮಗಳು ಅದನ್ನೂ ಎಐಗೆ ಕೇಳಿದಳು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಚಂದಾ ಇರುವಲ್ಲಿಗೇ ಹೋಗಿ ರದ್ದು ಮಾಡಬೇಕು ಎಂದಿತು. ಅಳಿಯ ಮುಖ ಸಣ್ಣ ಮಾಡಲಿಲ್ಲ. ಮಗಳ ಕೈಯಿಂದ ಫೋನ್ ಕಸಿದುಕೊಂಡು ತಾನೇ ಒತ್ತಿದ: ಸಂಗೀತ ಕೇಳುತ್ತೇವೆ, ಫುಟ್‌ಬಾಲ್ ನೋಡುತ್ತೇವೆ, ಕಾಲಿಂಗ್ ಪ್ಲ್ಯಾನ್ ಬಳಸುವುದಿಲ್ಲ. ಹಾಗಿದ್ದರೆ ಕಾಲಿಂಗ್ ಪ್ಲ್ಯಾನ್ ತೆಗೆಯಬಹುದು ಎಂದಿತು ಅದು. ಸುಳ್ಳು ಹೇಳಿದರೆ ಅದಾದರೂ ಏನು ಮಾಡೀತು.

"ನೋಡ್ರಿ, ಎಐನೇ ಹೇಳ್ತು. ದೊಡ್ಡವ್ವಗ ವಾಟ್ಸ್ಯಾಪ್ ಹಚ್ಚಿಕೊಡಸೂಣು."

"ಆಕಿಗೆ ಕಣ್ಣ ಕಾಣೂದಿಲ್ಲ. ಅಳಿಯಂದ್ರ, ನಾ ಬಳಸೂದಿಲ್ಲ ಅಂತ ನಿಮಗ್ಯಾರು ಹೇಳಿದ್ರು? ನನ್ನ ಉತ್ತರ ನಾ ಹೇಳ್ತೀನಿ, ಕೊಡ್ರಿ ಇಲ್ಲೆ."

ಮಗಳು ನಾನು ಹೇಳಿದ್ದನ್ನು ಬರೆದಳು. ಸಲಹೆ ತಿರುಗಿತು: ಪ್ಲ್ಯಾನ್ ಇರಲಿ, ಉಳಿದ ನಾಲ್ಕು ಹೋಗಲಿ.

"ಮೊದ್ಲ ನಿಮ್ಮ ಉಸಿರು ಬಂದ್ ಮಾಡ್ರಿ," ಎಂದೆ. ಮಗಳು ನಗು ತಡೆಯಲಾರದೆ ಸಿಂಕಿನ ಕಡೆ ತಿರುಗಿದಳು. ಮೂಗಿನಿಂದ ಗಾಳಿ ಎಳೆಯುವುದಕ್ಕೂ ಡಾಲರು ಕೊಡುವ ಜನ, ನನಗೆ ಉಳಿತಾಯ ಕಲಿಸುತ್ತಾರೆ. ನಾಲ್ಕೂ ರದ್ದಾದವೆಂಬ ಮೇಲ್ ಬರುವವರೆಗೆ ನಾನು ಕುರ್ಚಿ ಬಿಟ್ಟೇಳಲಿಲ್ಲ. ಹೋದ ದುಡ್ಡು ತಾನಾಗಿ ಮರಳುವುದಿಲ್ಲವಂತೆ. ಅದನ್ನು ಅಳಿಯನೇ ಹಾಕಿದ, ಮುಖ ಗಂಟಿಕ್ಕಿಕೊಂಡು. ಪ್ಲ್ಯಾನ್ ಮತ್ತೆ ಶುರುವಾಯಿತು.

ಮುಂದಿನ ಭಾನುವಾರ ಅಕ್ಕ ಫೋನ್ ಎತ್ತಿದವಳೇ ಬೈದಳು.

"ಹ್ವಾದ ವಾರ ಯಾಕ ಮಾಡ್ಲಿಲ್ಲಬೇ? ಸತ್ತೀ ಅಂತ ತಿಳದಿದ್ದೆ."

"ಇಲ್ಲಬೇ ಅಕ್ಕಾ, ಅಳಿಯ ಉಸಿರಾಡಾಕತ್ತಿದ್ದ," ಎಂದೆ.